ಪುಟ್ಟನಿಗೊಂದು ಆನೆ ಕಾರ್ಡು

ನಮ್ಮ ಕಡೆ ಆಸ್ಪತ್ರೆಯಲ್ಲಿರುವವರನ್ನು ನೋಡಲು ಹೋಗುವಾಗ ಬ್ರೆಡ್ಡು, ಮೂಸಂಬಿ, ಎಳನೀರು ಒಯ್ಯುತ್ತಿದ್ದೆವೇ ಹೊರತು ಕಾರ್ಡು ಕೊಡುವ ಪದ್ಧತಿ ಇರಲಿಲ್ಲ. ಅಮೆರಿಕಕ್ಕೆ ಬಂದ ಮೇಲೆ ನಾವೂ ಅಂಗಡಿಗೆ ಹೋಗಿ, ಬಾಯಲ್ಲಿ ಥರ್ಮಾಮೀಟರ್ ಇಟ್ಟುಕೊಂಡ ಕರಡಿಯ 'ಗೆಟ್ ವೆಲ್ ಸೂನ್' ಕಾರ್ಡು ಆರಿಸಿ, ಕೆಳಗೆ ಸಹಿ ಹಾಕಿ ಕಳಿಸುವುದನ್ನು ಕಲಿತಿದ್ದೇವೆ. ದೊಡ್ಡವರಿಗೆ ಅಷ್ಟು ಸಾಕು. ಆದರೆ ಐದು ವರ್ಷದ ಮಗುವಿಗೆ 'ಸೂನ್' ಎಂದರೆ ನಾಳೆ ಬೆಳಿಗ್ಗೆ. ನಾಳೆಯೂ ಕೈಯಲ್ಲಿ ನಳಿಗೆ ಹಾಗೇ ಇದ್ದರೆ, ಕಾರ್ಡು ಸುಳ್ಳು ಹೇಳಿತು ಎಂದೇ ಅದರ ಲೆಕ್ಕ.

ಕಳೆದ ಚಳಿಗಾಲದಲ್ಲಿ ನಮ್ಮ ಸ್ನೇಹಿತರ ಐದು ವರ್ಷದ ಮಗ (ಪುಟ್ಟ ಎನ್ನೋಣ) ಹೊಟ್ಟೆನೋವೆಂದು ಮಲಗಿದ. ಇಷ್ಟು ಚಿಕ್ಕ ಮಕ್ಕಳಿಗೆ ನೋವು ಎಲ್ಲಿ, ಹೇಗೆ ಎಂದು ಸರಿಯಾಗಿ ಹೇಳಲು ಬರುವುದಿಲ್ಲ. ಗೊತ್ತಾಗುವಷ್ಟರಲ್ಲಿ ಅಪೆಂಡಿಕ್ಸ್ ಒಡೆದಿರುವುದು ಅಪರೂಪವಲ್ಲ. ಇವನದೂ ಒಡೆದಿತ್ತು. ಆಪರೇಷನ್ ಆಯಿತು. ಮುಂದೆ ಜ್ವರ ಇಳಿದು ಊಟ ಸೇರುವವರೆಗೆ, ರಕ್ತನಾಳದ ಮೂಲಕ ಆಂಟಿಬಯೋಟಿಕ್. ಫ್ಲೂ ಕಾಲವಾದ್ದರಿಂದ ವಾರ್ಡಿಗೆ ಮಕ್ಕಳನ್ನು ಬಿಡುತ್ತಿರಲಿಲ್ಲ. ಎಂಟು ವರ್ಷದ ಅಕ್ಕ ನಮ್ಮ ಮನೆಯಲ್ಲಿ ಉಳಿದಳು. "ಅಂಕಲ್, ನಾನೇ ಕಾರ್ಡ್ ಮಾಡ್ತೀನಿ" ಎಂದಳು.

ನಾನೂ ಅವಳ ಜೊತೆ ಅಡುಗೆಮನೆಯ ಮೇಜಿನ ಮುಂದೆ ಕುಳಿತೆ. ಅದಕ್ಕೊಂದು ಕಾರಣವಿತ್ತು. ಆ ದಿನ ಪುಟ್ಟ ತಾಯಿಯನ್ನು ಕೇಳಿದ್ದನಂತೆ: "ಅಮ್ಮಾ, ನಾನು ಚಿಪ್ಸ್ ತಿಂದಿದ್ದಕ್ಕೆ ಹೊಟ್ಟೆ ಕುಯ್ದ್ರಾ?" ಯಾರೋ ನೋಡಲು ಬಂದವರು "ಸಿಕ್ಕಿದ್ದೆಲ್ಲಾ ತಿಂದ್ರೆ ಹೀಗೇ ಆಗೋದು" ಎಂದಿದ್ದರಂತೆ. ಈ ವಯಸ್ಸಿನ ಮಕ್ಕಳು ಕಾಯಿಲೆಯನ್ನು ಶಿಕ್ಷೆ ಎಂದು ನಂಬುವುದು ಮಕ್ಕಳ ಡಾಕ್ಟರುಗಳಿಗೆಲ್ಲ ಗೊತ್ತಿರುವ ಸಂಗತಿ. ಬಾಯಿ ಬಿಟ್ಟು ಕೇಳುವ ಮಕ್ಕಳು ಕಡಿಮೆ. 'ಜಾಣಮರಿಯಾಗಿದ್ದು ಬೇಗ ಗುಣವಾಗು' ಎಂದು ಬರೆದರೆ ಆ ನಂಬಿಕೆಗೆ ಇನ್ನಷ್ಟು ಬಲ ಕೊಟ್ಟಂತೆ. ಆದ್ದರಿಂದ ಕಾರ್ಡಿನಲ್ಲಿ ಪುಟ್ಟನ ಬದಲು ಒಂದು ಆನೆಮರಿಗೆ ಆಪರೇಷನ್ ಮಾಡಿಸಿದೆವು. ಮೊದಲ ಪುಟದಲ್ಲೇ ಆನೆಮರಿ ಕೇಳುತ್ತದೆ, "ನಾನೇನು ತಪ್ಪು ಮಾಡ್ದೆ?" ಡಾಕ್ಟರ್ ಕೋತಿಯ ಉತ್ತರ: "ಏನೂ ಇಲ್ಲ. ನಿನ್ನ ಅಪೆಂಡಿಕ್ಸ್ ಯಾರನ್ನೂ ಕೇಳ್ದೆ ಊದ್ಕೊಂಡ್ಬಿಡ್ತು!"

ಒಳಗೆ ಮಡಚಿ ಅಂಟಿಸಿದ ಪುಟ್ಟ ಕಿಟಕಿಗಳು, ಒಂದೊಂದು ದಿನಕ್ಕೆ ಒಂದೊಂದು. ಎಷ್ಟು ದಿನ ಇರಬೇಕಾಗುತ್ತದೋ ಯಾರಿಗೆ ಗೊತ್ತು? ಹಾಗಾಗಿ ದಿನಾಂಕ ಹಾಕಲಿಲ್ಲ. ನಾಲ್ಕರಲ್ಲಿ ಚಿತ್ರ, ಎರಡು ಖಾಲಿ. ಎಡಗೈಯನ್ನು ಹಲಗೆಗೆ ಕಟ್ಟಿದ್ದರಿಂದ ಬಲಗೈ ಒಂದರಲ್ಲೇ ತೆಗೆಯುವಂತೆ ಪ್ರತಿ ಕಿಟಕಿಗೂ ಉದ್ದನೆಯ ಕಾಗದದ ಬಾಲ ಬಿಟ್ಟೆವು. ಜರಿಪುಡಿ ಬೇಡವೆಂದೆ; ಅದು ಹಾಸಿಗೆಯಲ್ಲಿ, ಕಣ್ಣಲ್ಲಿ, ಬ್ಯಾಂಡೇಜಿನ ಅಂಚಿನಲ್ಲಿ ಸೇರಿಕೊಳ್ಳುತ್ತದೆ. ನಮ್ಮನೆಯವರು ಪ್ರೀತಿಯಿಂದ ಒಂದು ಮಸಾಲೆ ದೋಸೆ ಬರೆದಿದ್ದರು. ಬಾಯಿಗೆ ಏನೂ ಕೊಡಬಾರದೆಂದು ಹೇಳಿರುವ ಮಗುವಿಗೆ ದೋಸೆಯ ಚಿತ್ರವೇ? ಅದರ ಮೇಲೆ ಒಂದು ಬಲೂನು ಅಂಟಿಸಿದ್ದಾಯಿತು.

ನಗಿಸುವುದರಲ್ಲೂ ಒಂದು ತೊಡಕಿದೆ. ಹೊಟ್ಟೆಗೆ ಹೊಲಿಗೆ ಬಿದ್ದವರಿಗೆ ನಕ್ಕರೆ ನೋವು. ಹೊಟ್ಟೆಗೆ ದಿಂಬನ್ನು ಅಪ್ಪಿಕೊಂಡರೆ ನೋವು ಕಡಿಮೆ, ಧೈರ್ಯವಾಗಿ ಕೆಮ್ಮಲೂಬಹುದು. ಅದಕ್ಕೇ ಮೊದಲ ಕಿಟಕಿಯಲ್ಲಿ ಆನೆಮರಿ ದಿಂಬನ್ನು ತಬ್ಬಿಕೊಂಡಿತ್ತು: "ನನ್ನ ಹಾಗೆ ಹಿಡ್ಕೊಂಡ್ರೇ ಮುಂದಿನ ಕಿಟಕಿ!" ಎರಡನೆಯದರಲ್ಲಿ ಡ್ರಿಪ್ ಸ್ಟ್ಯಾಂಡಿಗೆ ಹಗ್ಗ ಕಟ್ಟಿ ನಾಯಿಮರಿಯಂತೆ ವಾಕಿಂಗ್. ಆಪರೇಷನ್ ಆದ ಮಕ್ಕಳನ್ನು ನಡೆಸುವುದೇ ದೊಡ್ಡ ಕೆಲಸ. "ನಾಯಿಗೆ ವಾಕಿಂಗ್ ಬೇಕಂತೆ" ಎಂದಾಗ ಪುಟ್ಟ ಬಾಗಿಲವರೆಗೆ ಹೋಗಿಬಂದನಂತೆ.

ಮೂರನೆಯದು ಅಕ್ಕನ ಸ್ವಂತ ಪ್ರತಿಭೆ. ಒಡೆದ ಅಪೆಂಡಿಕ್ಸಿನ ನಂತರ ಕರುಳು ಕೆಲವು ದಿನ ಮುಷ್ಕರ ಹೂಡುತ್ತದೆ. ಅದು ಮತ್ತೆ ಕೆಲಸಕ್ಕೆ ಬಂತೆಂದು ತಿಳಿಸುವ ಸೂಚನೆಗಳಲ್ಲಿ ಹೂಸೂ ಒಂದು. (ಸಂಚಿಕೆಯ ಸಂಪಾದಕರು ಕ್ಷಮಿಸಬೇಕು.) ಅದಕ್ಕೇ ಡಾಕ್ಟರುಗಳು ದಿನಾ ಬಂದು ಅದನ್ನೇ ಕೇಳುವುದು, ಪುಟ್ಟನಿಗೆ ನಾಚಿಕೆ, ತಲೆ ತಗ್ಗಿಸಿ ಸುಮ್ಮನಿರುತ್ತಿದ್ದ. ಕಿಟಕಿ ತೆಗೆದರೆ ಆನೆಮರಿ "ಪುರ್ರ್!", ಹಿಂದೆ ಕೋತಿ ಡಾಕ್ಟರು, ನರ್ಸ್ ಜಿರಾಫೆ ಕೈಯೆತ್ತಿ ಕುಣಿಯುತ್ತಿದ್ದಾರೆ.

ಮಾರನೆಯ ರಾತ್ರಿ ಪುಟ್ಟ ತಾನೇ ಗಂಟೆ ಒತ್ತಿ ನರ್ಸನ್ನು ಕರೆದು ಸುದ್ದಿ ಹೇಳಿದ. ಹೇಳಿ ಸುಮ್ಮನಾಗಲಿಲ್ಲ, ಕಾರ್ಡು ತೋರಿಸಿ, ಕುಣಿಯಲೇಬೇಕೆಂದು ಹಟ ಹಿಡಿದ. ಆಕೆ ಕುಣಿದರು. ಬೆಳಿಗ್ಗೆ ಒಂದೆರಡು ಗುಟುಕು ನೀರು ಸಿಕ್ಕಿತು.

ಖಾಲಿ ಕಿಟಕಿಗಳಲ್ಲಿ ಒಂದರೊಳಗೆ ಅವನೇ ಕ್ರೇಯಾನಿನಿಂದ ಹುಳುವಿನಂಥದ್ದೇನೋ ಬರೆದಿದ್ದ. "ಇದು ಯಾರೋ?" ಎಂದು ಕೇಳಿದೆ.

"ಅಪೆಂಡಿಕ್ಸು. ತಪ್ಪು ಅದ್ರದ್ದು, ಮಾಮಾ."