ಮೂರಕ್ಕೂ ಎರಡೂವರೆ ಸಾವಿರ

ಮೂರು ಮಳೆಗಾಲದ ಹಿಂದಿನ ಮಾತು. ಮಣಿಪಾಲದ ಟೈಗರ್ ಸರ್ಕಲ್ ಹತ್ತಿರ ಒಂದು ಅಂಗಡಿಯ ಮಾಡಿನ ಕೆಳಗೆ ಮಳೆ ನಿಲ್ಲುವುದನ್ನು ಕಾಯುತ್ತಾ ನಿಂತಿದ್ದೆ. ಬೆಂಗಳೂರಿನಿಂದ ಒಂದು ಪತ್ರಿಕೆಯ ಡೆಸ್ಕಿನವರು ಫೋನ್ ಮಾಡಿದರು. ಉಡುಪಿ ಜಿಲ್ಲೆಯಿಂದ ಮೂರು ವರದಿ ಬೇಕಂತೆ. ಕಾಪುವಿನ ಕಡಲ್ಕೊರೆತ ಒಂದು, ಕಾರ್ಕಳದ ಕಲ್ಲಿನ ಕೋರೆ ಒಂದು, ಮಣಿಪಾಲದ ಪಿ.ಜಿ.ಗಳ ಬಾಡಿಗೆ ಇನ್ನೊಂದು. ನಾನು ಖುಷಿಯಲ್ಲೇ ಒಪ್ಪಿದೆ. ದುಡ್ಡಿನ ವಿಷಯ ಕೇಳಲು ನಮಗೆಲ್ಲ ಸಂಕೋಚ ಇದ್ದದ್ದೇ, ಆದರೂ ಕೇಳಿದೆ. ಅವರು ಹೇಳಿದರು: "ಮೂರಕ್ಕೂ ಎರಡೂವರೆ ಸಾವಿರ ಕೊಡೋಣ."

"ಪೆಟ್ರೋಲಿನದ್ದು ಹೇಗೆ ಸರ್?" ಎಂದೆ.

"ನೋಡೋಣ, ಮಾಡೋಣ" ಎಂದರು.

ನಾನು ಲೆಕ್ಕ ಹಾಕಿದ್ದು 7,500 ರೂಪಾಯಿ, ಮತ್ತು ಪೆಟ್ರೋಲ್ ಬೇರೆ. ಉಡುಪಿಯಿಂದ ಕಾಪುವಿಗೆ ಮೂರು ಸಲ, ಕಾರ್ಕಳಕ್ಕೆ ಎರಡು ಸಲ ಹೋಗಿ ಬಂದೆ. ಬೈಕಿನಲ್ಲಿ ಇನ್ನೂರು ಕಿಲೋಮೀಟರಿಗೂ ಹೆಚ್ಚು ಓಡಾಟ, ಅದೂ ರೈನ್‌ಕೋಟ್ ಹಾಕಿಕೊಂಡು. ಮೂರೂ ವರದಿ ಅಚ್ಚಾದವು. ಒಂದೂವರೆ ತಿಂಗಳು ಕಳೆದ ಮೇಲೆ ಖಾತೆಗೆ ಬಂದದ್ದು 2,500 ರೂಪಾಯಿ.

ಫೋನ್ ಮಾಡಿದೆ. ಅವರು ಸಿಟ್ಟಾಗಲಿಲ್ಲ, ತಪ್ಪಿಸಿಕೊಳ್ಳಲೂ ಇಲ್ಲ. "ಅಲ್ಲಪ್ಪಾ, ಮೂರಕ್ಕೂ ಎರಡೂವರೆ ಅಂತ ಅವತ್ತೇ ಹೇಳಿದ್ನಲ್ಲ" ಎಂದರು. ಹೌದು, ಹೇಳಿದ್ದರು. ನನಗೂ ಅದೇ ಮಾತು ಹಾಗೇ ನೆನಪಿದೆ. ಅವರ ಬಾಯಲ್ಲಿ ಅದು "ಮೂರಕ್ಕೂ ಸೇರಿ" ಆಗಿತ್ತು, ನನ್ನ ಕಿವಿಯಲ್ಲಿ "ಮೂರರಲ್ಲಿ ಒಂದೊಂದಕ್ಕೂ" ಆಗಿತ್ತು. ಕನ್ನಡದ ಆ ಒಂದು 'ಊ'ಕಾರ ಎರಡನ್ನೂ ಹೊರುತ್ತದೆ. "ನೋಡೋಣ" ಎಂಬುದೂ ಹಾಗೆಯೇ. ನಮ್ಮ ಕರಾವಳಿಯಲ್ಲಿ "ಕೊಡುವ, ಮಾಡುವ" ಎಂದರೆ ಹೆಚ್ಚುಕಡಿಮೆ ಒಪ್ಪಿದ ಹಾಗೆ. ಅವರ "ಮಾಡೋಣ"ವನ್ನು ನಾನು ನಮ್ಮ "ಮಾಡುವ" ಎಂದೇ ಕೇಳಿಸಿಕೊಂಡಿದ್ದೆ. ಅವರ ಮಟ್ಟಿಗೆ ಅದು ಸಂಭಾಷಣೆ ಮುಗಿಸುವ ಒಂದು ಮಾತು ಮಾತ್ರ.

ನನ್ನ ಫೋನಿನ ಕಾಲ್ ಲಾಗಿನಲ್ಲಿ ಉಳಿದಿದ್ದದ್ದು ಇಷ್ಟೇ: ಒಂದು ನಂಬರು, ಒಂದು ಸಮಯ, ನಾಲ್ಕು ನಿಮಿಷ.

ಗೆಳೆಯನೊಬ್ಬ "ಕಾಲ್ ರೆಕಾರ್ಡ್ ಇಟ್ಕೋ ಮಾರಾಯ" ಎಂದ. ಅನೇಕರು ಕೊಡುವ ಸಲಹೆ ಅದೇ. ಆದರೆ ಆ ಕರೆ ರೆಕಾರ್ಡ್ ಆಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ ನೋಡಿ. ಅದರಲ್ಲಿ "ಮೂರಕ್ಕೂ ಎರಡೂವರೆ ಸಾವಿರ ಕೊಡೋಣ" ಎಂದು ಸ್ಪಷ್ಟವಾಗಿ ಕೇಳುತ್ತಿತ್ತು. ಅವರಿಗೆ ಅವರದೇ ಸರಿ ಅನ್ನಿಸುತ್ತಿತ್ತು, ನನಗೆ ನನ್ನದೇ. ಯಾರು ಏನು ಹೇಳಿದರು ಎಂಬುದನ್ನು ರೆಕಾರ್ಡಿಂಗ್ ಉಳಿಸುತ್ತದೆ. ಇಬ್ಬರೂ ಏನೆಂದು ಅರ್ಥ ಮಾಡಿಕೊಂಡರು ಎಂಬುದು ಅದರಲ್ಲಿ ಇರುವುದಿಲ್ಲ. ಜಗಳ ಹುಟ್ಟಿದ್ದು ಆ ಎರಡನೆಯದರಲ್ಲಿ. ಕೇಳಿದ್ದನ್ನು ನಮ್ಮ ಮಾತಿನಲ್ಲಿ ಬರೆದು, ಅವರಿಗೇ ತೋರಿಸಿ, ತಿದ್ದಲು ಬಿಟ್ಟರೆ ಮಾತ್ರ ಅದು ಹೊರಗೆ ಬರುತ್ತದೆ.

ಹಾಗಾಗಿ ಆಮೇಲಿನಿಂದ ಕರೆ ಮುಗಿದ ಅರ್ಧ ಗಂಟೆಯೊಳಗೆ, ಬೈಕ್ ಸ್ಟಾರ್ಟ್ ಮಾಡುವ ಮುಂಚೆ, ಒಂದು ಸಂದೇಶ ಕಳಿಸುವುದು ರೂಢಿಯಾಯಿತು. ಕಳೆದ ಮಳೆಗಾಲ ಇನ್ನೊಂದು ಕಡೆಯಿಂದ ಇಂಥದ್ದೇ ಕರೆ ಬಂದಾಗ ಕಳಿಸಿದ್ದು ಹೀಗಿತ್ತು:

"ನಮಸ್ಕಾರ ಸರ್. ಇವತ್ತು ಮಧ್ಯಾಹ್ನ 3.40ಕ್ಕೆ ಫೋನಿನಲ್ಲಿ ಮಾತಾಡಿದ್ದು ನನಗೆ ಅರ್ಥವಾದದ್ದು ಹೀಗೆ.
1. ಕಾಪು ಕಡಲ್ಕೊರೆತ, ಕಾರ್ಕಳ ಕೋರೆ: ಎರಡು ವರದಿ, ಒಂದೊಂದೂ ಸುಮಾರು 800 ಪದ, ಒಂದೊಂದಕ್ಕೆ 4 ಫೋಟೊ.
2. ಎರಡೂ ಜುಲೈ 18, ಶುಕ್ರವಾರ ಸಂಜೆ 5ರೊಳಗೆ.
3. ಒಂದು ವರದಿಗೆ 2,500 ರೂ., ಒಟ್ಟು 5,000 ರೂ. ಫೋಟೊ ಅದರಲ್ಲೇ ಸೇರಿದೆ.
4. ಪ್ರಯಾಣದ ಖರ್ಚು: ಇನ್ನೂ ತೀರ್ಮಾನ ಆಗಿಲ್ಲ.
5. ಪ್ರಕಟವಾಗದಿದ್ದರೆ ಹಣ ಇದೆಯೇ: ಮಾತಾಡಿಲ್ಲ.
ನಾಳೆ ಬೆಳಿಗ್ಗೆ 7ಕ್ಕೆ ಕಾಪುವಿಗೆ ಹೊರಡುತ್ತೇನೆ. ತಪ್ಪಿದ್ದರೆ ಅದರ ಮೊದಲು ತಿದ್ದಿ, ಸರಿಯಿದ್ದರೆ 'ಸರಿ' ಎಂದು ಕಳಿಸಿ."

ಉತ್ತರ ರಾತ್ರಿ ಒಂಬತ್ತಕ್ಕೆ ಬಂತು. "3 ತಪ್ಪು. ಒಂದಕ್ಕೆ 1,800 ಅಂದಿದ್ದೆ. ಪ್ರಯಾಣಕ್ಕೆ ಒಟ್ಟು 600 ಸೇರಿಸೋಣ. ಬರೆಸಿಕೊಂಡ ಮೇಲೆ ಪ್ರಕಟ ಆಗದಿದ್ದರೂ ಅರ್ಧ ಕೊಡ್ತೇವೆ." 2,500 ಎಂದು ನನಗೆ ಯಾಕೆ ಕೇಳಿಸಿತೋ, ಬಹುಶಃ ಅದು ನನ್ನ ಆಸೆಯೇ ಇರಬೇಕು. ಒಟ್ಟು 4,200 ರೂಪಾಯಿ. ನಾನು ಅಂದುಕೊಂಡದ್ದಕ್ಕಿಂತ ಕಡಿಮೆ. ಆದರೆ ಆ ಕಡಿಮೆ ನನಗೆ ಗೊತ್ತಾದದ್ದು ಹೊರಡುವ ಮುಂಚೆ. ಬೇಡ ಎನ್ನುವ ಅವಕಾಶ ನನ್ನ ಕೈಯಲ್ಲಿತ್ತು. ಯೋಚಿಸಿ, "ಸರಿ ಸರ್" ಎಂದು ಬರೆದು ಹೋದೆ.

ಆ ಸಂದೇಶದಲ್ಲಿ ನಾನು ಕಲಿತ ಮೂರು ವಿಷಯಗಳಿವೆ. ಒಂದು, "ಅರ್ಥವಾದದ್ದು ಹೀಗೆ" ಎಂಬ ಮಾತು. "ನೀವು ಒಪ್ಪಿದ್ದೀರಿ" ಎಂದು ಬರೆದರೆ ನೋಟಿಸಿನ ಹಾಗೆ ಕೇಳುತ್ತದೆ, ಎದುರಿನವರು ಬಿಗಿಯಾಗುತ್ತಾರೆ. ಎರಡು, ತೀರ್ಮಾನ ಆಗದ್ದನ್ನೂ ಬರೆಯುವುದು. ಪೆಟ್ರೋಲಿನ "ನೋಡೋಣ" ನನ್ನನ್ನು ಮುಳುಗಿಸಿದ್ದು ಅದನ್ನು ನಾನು ತೀರ್ಮಾನ ಎಂದು ಎಣಿಸಿದ್ದಕ್ಕೆ. "ಇನ್ನೂ ಆಗಿಲ್ಲ" ಎಂದು ಬರೆದ ಕೂಡಲೇ ಅದು ಅವರ ಕಣ್ಣಿಗೂ ಬೀಳುತ್ತದೆ. ಮೂರು, ವಾರದ ಜೊತೆಗೆ ತಾರೀಕು. "ಬರುವ ಶುಕ್ರವಾರ" ಎಂದರೆ ಕೆಲವರಿಗೆ ನಾಡಿದ್ದು, ಕೆಲವರಿಗೆ ಮುಂದಿನ ವಾರ.

ಉತ್ತರವೇ ಬರದಿದ್ದರೆ? ನೀಲಿ ಗೆರೆ ಬಿದ್ದರೆ ಓದಿದರು ಎಂದಷ್ಟೇ, ಒಪ್ಪಿದರು ಎಂದಲ್ಲ. ನಾನು ಮೊದಲು ಇಲ್ಲೂ ತಪ್ಪಿದ್ದೇನೆ. ಈಗ ಉತ್ತರ ಬರದಿದ್ದರೆ ಹೊರಡುವ ಮುಂಚೆ ಇನ್ನೊಂದು ಸಲ ಫೋನ್ ಮಾಡುತ್ತೇನೆ, "ಸರ್, ಒಂದು 'ಸರಿ' ಹಾಕಿಬಿಡಿ" ಎಂದು ಕೇಳುತ್ತೇನೆ. ಒಬ್ಬರು "ಏನ್ರೀ, ಕೋರ್ಟಿಗೆ ಹೋಗೋ ಹಾಗೆ ಬರೀತೀರಲ್ಲ, ನಂಬಿಕೆ ಇಲ್ವಾ?" ಎಂದಿದ್ದರು. "ನಿಮ್ಮ ಮೇಲೆ ಇದೆ ಸರ್, ನನ್ನ ಕಿವಿಯ ಮೇಲೆ ಇಲ್ಲ" ಎಂದೆ. ನಕ್ಕು 'ಸರಿ' ಹಾಕಿದರು.

ಕೋರ್ಟಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ದೇಶದ 1872ರ ಕರಾರು ಕಾಯ್ದೆಯ ಪ್ರಕಾರ ಬಾಯಿಮಾತಿನ ಒಪ್ಪಂದವೂ ಸಾಮಾನ್ಯವಾಗಿ ಒಪ್ಪಂದವೇ. ಹಾಗಾಗಿ ಸಂದೇಶ ಒಪ್ಪಂದವನ್ನು ಹುಟ್ಟಿಸುವುದಿಲ್ಲ, ಏನು ಒಪ್ಪಿದ್ದು ಎಂಬುದಕ್ಕೆ ಸಾಕ್ಷಿ ಆಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಫೋನಿನ ಸಂದೇಶವನ್ನು ಪ್ರಿಂಟ್ ತೆಗೆದು ಹಾಜರುಪಡಿಸುವಾಗ ಪ್ರಮಾಣಪತ್ರವೂ ಬೇಕು. ಎರಡೂವರೆ ಸಾವಿರಕ್ಕೆ ಯಾರೂ ಅಷ್ಟು ದೂರ ಹೋಗುವುದಿಲ್ಲ. ಆದರೂ ಮೂಲ ಸಂದೇಶ ಉಳಿಯಬೇಕು. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಸಂದೇಶವನ್ನು 15 ನಿಮಿಷದವರೆಗೆ ತಿದ್ದಬಹುದು. ಚಾಟ್‌ನಲ್ಲಿ ಸಂದೇಶಗಳು ತಾವಾಗಿಯೇ ಅಳಿಯುವ ಸೆಟ್ಟಿಂಗ್ ಇದ್ದರೆ 24 ಗಂಟೆಯಲ್ಲೋ, 7 ದಿನದಲ್ಲೋ, 90 ದಿನದಲ್ಲೋ ಎಲ್ಲ ಮಾಯ. ನಮಗೆ ಹಣ ಬರುವುದು ಎರಡು ಮೂರು ತಿಂಗಳಿಗೆ. ಅದಕ್ಕೇ ಅವರ 'ಸರಿ' ಬಂದ ಮೇಲೆ ಅದೇ ಮಾತನ್ನು ಅವರ ಇ-ಮೇಲಿಗೂ ಕಳಿಸುತ್ತೇನೆ. ಒಪ್ಪಿದವರು ಕೆಲಸ ಬಿಟ್ಟು ಹೋದರೂ ಅವರ ಜಾಗಕ್ಕೆ ಬಂದವರಿಗೆ ತೋರಿಸಲು ಅದು ಇರುತ್ತದೆ.

ಬರೆದದ್ದು ನಮ್ಮನ್ನೂ ಕಟ್ಟುತ್ತದೆ ಎಂಬುದು ನೆನಪಿರಲಿ. ಒಮ್ಮೆ ಫೋನಿನಲ್ಲಿ "ಫೋಟೊ ಹಕ್ಕು ನಮ್ಮದೇ ಅಲ್ವಾ" ಎಂದು ಒಬ್ಬರು ಕೇಳಿದಾಗ "ಹ್ಞೂಂ" ಎಂದುಬಿಟ್ಟಿದ್ದೆ. ಸಂದೇಶದಲ್ಲಿ ಅದನ್ನೇ ಬರೆಯಲು ಹೊರಟು ಕೈ ತಡೆಯಿತು. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕು ವರ್ಗಾಯಿಸಲು ಬರಹ ಮತ್ತು ಸಹಿ ಬೇಕು, ಬಾಯಿಮಾತು ಸಾಲದು. ಅವರಿಗೆ ಮತ್ತೆ ಫೋನ್ ಮಾಡಿ, ಒಮ್ಮೆ ಪ್ರಕಟಿಸಲು ಮಾತ್ರ ಒಪ್ಪಿಗೆ ಎಂದು ಹೇಳಿ, ಆಮೇಲೆ ಹಾಗೇ ಬರೆದೆ. ಫೋನಿನಲ್ಲಿ ಆಡಿದ ಮಾತನ್ನು ಸಂದೇಶದಲ್ಲಿ ಸದ್ದಿಲ್ಲದೆ ಬದಲಾಯಿಸಿದ್ದರೆ ಅದು ಮೋಸ ಆಗುತ್ತಿತ್ತು.

ಕೊನೆಗೆ, ಈ ರೂಢಿಯನ್ನು ಬಿಡಬೇಕಾದ ಒಂದು ಜಾಗ ಇದೆ. ಕಾರ್ಕಳದ ಕೋರೆಯ ಒಬ್ಬ ಕೆಲಸಗಾರರು ಫೋನಿನಲ್ಲಿ ನನ್ನ ಹತ್ತಿರ ಮಾತಾಡಿದ್ದರು, ಹೆಸರು ಹಾಕುವುದಿಲ್ಲ ಎಂಬ ಷರತ್ತಿನ ಮೇಲೆ. ಕರೆ ಮುಗಿದದ್ದೇ ರೂಢಿಯ ಬಲದಲ್ಲಿ "ಅಣ್ಣ, ನೀವು ಹೇಳಿದ್ದು ಹೀಗೆ" ಎಂದು ಟೈಪ್ ಮಾಡತೊಡಗಿದ್ದೆ. ಎರಡು ಸಾಲು ಆಗಿತ್ತು. ಅವರ ಫೋನನ್ನು ಮೇಸ್ತ್ರಿ ನೋಡಿದರೆ? ಅಳಿಸಿಬಿಟ್ಟೆ. ಮರುದಿನ ಬಸ್ಸಿನಲ್ಲಿ ಕಾರ್ಕಳಕ್ಕೆ ಹೋಗಿ, ಅವರು ಹೇಳಿದ್ದನ್ನು ನನ್ನ ಪುಸ್ತಕದಿಂದ ಅವರ ಮುಂದೆಯೇ ಓದಿದೆ. ಅವರು ಒಂದು ಕಡೆ ತಿದ್ದಿದರು. ಆ ಪುಟದಲ್ಲಿ ತಾರೀಕು ಇದೆ, ಅವರ ಹೆಸರಿಲ್ಲ.