ಮುಟ್ಟಿದ ಬನ್ನಿ

ದಸರೆಯ ಬೆಳಿಗ್ಗೆ, ಮೆಹದಿಪಟ್ಟಣಂ ರೈತು ಬಜಾರಿನಿಂದ ತಂದ ಬನ್ನಿ ಸೊಪ್ಪು ತಟ್ಟೆಯಲ್ಲಿತ್ತು. ಬೀದರ್ ಕಡೆಯ ನಿವೃತ್ತ ಲೆಕ್ಕಿಗರೊಬ್ಬರು ಫೋನ್ ಹಿಡಿದು ಕೂತಿದ್ದರು. ಅವರು ಕೆಲಸ ಮಾಡಿದ್ದ ಮುದ್ರಣಾಲಯ ಎಲ್ಲರಿಗೂ ಶುಭಾಶಯ ಕಳಿಸಿತ್ತು. ಉತ್ತರವಾಗಿ ಹಳಬರು, ಹೊಸಬರು ಒಂದೇ ಸಾಲನ್ನು, ಒಂದೇ ಹೂವು-ದೀಪಗಳ ಚಿತ್ರವನ್ನು ಕಳಿಸಿದ್ದರು. ಇವರೂ ಹಾಗೇ ಟೈಪಿಸಿದರು: ‘ತಮಗೂ ತಮ್ಮ ಕುಟುಂಬಕ್ಕೂ ಹಾರ್ದಿಕ ಶುಭಾಶಯಗಳು.’

ಆ ಸಾಲಿನಲ್ಲಿ ಕ್ರಿಯಾಪದವಿಲ್ಲ. ಹಾರೈಸಿದವರು ಯಾರೆಂದೂ ಅದು ಹೇಳುವುದಿಲ್ಲ. ಯಾರು ಯಾರಿಗೆ ಕಳಿಸಿದರೂ ನಡೆಯುತ್ತದೆ. ಹೀಗೆ ಸಂಬಂಧವನ್ನು ಬೆಚ್ಚಗಿಡಲಷ್ಟೇ ಆಡುವ ಮಾತಿಗೆ ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ 1923ರಲ್ಲೇ ಒಂದು ಹೆಸರು ಕೊಟ್ಟಿದ್ದ. ಅಂಥ ಮಾತು ಬೇಡವೆಂದಲ್ಲ. ದಿನಾ ಸಿಗುವವರಿಗೆ ಅಷ್ಟು ಸಾಕು.

ಇವರಿಗೆ ಸಾಲಲಿಲ್ಲ. ಆ ಗುಂಪಿನಲ್ಲಿ ಬೈಂಡಿಂಗ್ ವಿಭಾಗದ ಒಬ್ಬರಿದ್ದರು, ತೆಲುಗಿನವರು. ಒಂದು ವರ್ಷ ಓವರ್‌ಟೈಮ್ ಲೆಕ್ಕದ ವಿಷಯಕ್ಕೆ ಇಬ್ಬರಿಗೂ ಜಗಳವಾಗಿ ಮಾತು ನಿಂತಿತ್ತು.

‘ಏನ್ ಬರೀಲತ್ತೀರಿ ಇಷ್ಟೊತ್ತು?’ ಹೆಂಡತಿ ಕೇಳಿದರು. ‘ಬನ್ನಿ ಕೊಡೂದಾದ್ರ ಕೈಯಾಗ ಕೊಡಬೇಕು. ಫೋನ್‌ನಾಗ ಹ್ಯಾಂಗ ಕೊಡ್ತೀರಿ?’

ಉತ್ತರ ಕರ್ನಾಟಕದಲ್ಲಿ ಎಲೆ ಕೊಡುವಾಗ ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಎನ್ನುತ್ತಾರೆ. ‘ಇರೋಣ’ ಎಂದೊಡನೆ ಹೇಳುವವನೂ ಕೇಳುವವನೂ ಒಂದೇ ಕ್ರಿಯಾಪದದೊಳಗೆ ಬಂದುಬಿಡುತ್ತಾರೆ. ತೆಲಂಗಾಣದಲ್ಲಿ ಅದೇ ಮರ ಜಮ್ಮಿ, ರಾಜ್ಯದ ಮರವೂ ಹೌದು. ಅಲ್ಲಿಯೂ ಎಲೆಯನ್ನು ಬಂಗಾರವೆಂದೇ ಕೊಟ್ಟು ತಬ್ಬಿಕೊಳ್ಳುತ್ತಾರೆ. ಆ ಅಪ್ಪುಗೆಗೆ ಅಲಾಯ್ ಬಲಾಯ್ ಎಂದು ಹೆಸರು. ಮಾತು ಬಿಟ್ಟವರ ಮನೆಗೂ ಆ ದಿನ ಎಲೆ ಹಿಡಿದು ಹೋಗಬಹುದು. ಎಲೆ ಅಂಗೈಗೆ ಬಿದ್ದ ಮೇಲೆ ಬೇಡವೆನ್ನುವುದು ಕಷ್ಟ. ಫೋನಿನಲ್ಲಿ ಎಲೆಯ ಚಿತ್ರ ಕಳಿಸಬಹುದು, ಆದರೆ ಅದನ್ನು ನೋಡದೆ ಬೆರಳು ಸರಿಸಿಬಿಡುವುದು ಸುಲಭ. ಎಲೆಯ ಕೆಲಸವನ್ನು ಮಾತೇ ಮಾಡಬೇಕು.

ಅವರು ಬರೆದದ್ದನ್ನು ಅಳಿಸಿದರು. ಆಯುಧಪೂಜೆಯ ದಿನ ಕಟಿಂಗ್ ಮಷೀನಿಗೆ ಕುಂಕುಮ ಹಚ್ಚುತ್ತಿದ್ದ ನೆನಪು ಬರೆದರು. ಚೆನ್ನಾಗಿತ್ತು, ಆದರೆ ಅದನ್ನು ಅಲ್ಲಿ ಯಾರೂ ಬರೆಯಬಹುದಿತ್ತು. ಹಳೆಯದನ್ನೆಲ್ಲ ಮರೆಯೋಣ ಎಂದು ಬರೆದರು. ಅದು ತಪ್ಪನ್ನು ಇಬ್ಬರಿಗೂ ಹಂಚಿದಂತಿತ್ತು, ಅಳಿಸಿದರು. ಕೊನೆಗೆ ಉಳಿದದ್ದು ಇಷ್ಟು:

‘ಬೈಂಡಿಂಗಿನ ಅಣ್ಣನಿಗೆ ಮೊದಲ ಜಮ್ಮಿ. ಆ ವರ್ಷದ ಓವರ್‌ಟೈಮ್ ಲೆಕ್ಕದಲ್ಲಿ ತಪ್ಪಿದ್ದು ನಾನು, ನೀವಲ್ಲ. ಎಲ್ಲರೂ ಬಂಗಾರದಂಗ ಇರೋಣ.’

ತೆಲುಗಿನಲ್ಲೇ ಬರೆದರು, ಕೊನೆಯ ಸಾಲೊಂದನ್ನು ಬಿಟ್ಟು. ಎಲ್ಲರೂ ಓದುವ ಕಡೆಯೇ ಕಳಿಸಿದರು, ಯಾಕೆಂದರೆ ಜಗಳವೂ ಎಲ್ಲರೆದುರೇ ಆಗಿತ್ತು.

ಅದರ ಕೆಳಗೆ ಹೂವು-ದೀಪಗಳು ಬರುತ್ತಲೇ ಇದ್ದವು. ಸಂಜೆ ಒಂದು ಸಾಲು ಬಂತು: ‘ಜಮ್ಮಿ ಮುಟ್ಟಿಂದಿ ಸಾರ್.’ ಹೆಂಡತಿ ಅದೇನೆಂದು ಕೇಳಿದರು.

‘ಮುಟ್ಟೇದ ಅಂತ,’ ಎಂದರು ಅವರು.