ನಿಮ್ಮ ಸ್ಟ್ರಿಪ್‌ನಲ್ಲಿ ಯಾವ ಎಂಜೈಮ್ ಇದೆ?

ಅಪ್ಪನಿಗೆ ಕಿಡ್ನಿ ಕೈಕೊಟ್ಟ ಮೇಲೆ ಮನೆಯಲ್ಲೇ ಹೊಟ್ಟೆಯ ಡಯಾಲಿಸಿಸ್ ಮಾಡಿಕೊಳ್ಳುವುದು ಅಂತ ತೀರ್ಮಾನವಾಯಿತು. ಅದನ್ನು ಕಲಿಸಲು ಬಂದ ಸಿಸ್ಟರ್ ಬ್ಯಾಗು, ಟ್ಯೂಬು, ಕೈ ತೊಳೆಯುವ ಕ್ರಮ ಎಲ್ಲ ಹೇಳಿಕೊಟ್ಟ ನಂತರ, "ಶುಗರ್ ನೋಡೋಕೆ ಯಾವ ಸ್ಟ್ರಿಪ್ ಬಳಸ್ತೀರಿ? ಡಬ್ಬಿ ಜೊತೆ ಬರೋ ಹಾಳೆ ಇದ್ಯಾ?" ಅಂತ ಕೇಳಿದರು. ಮನೆಯಲ್ಲಿ ಎರಡು ಮೀಟರ್ ಇದ್ದವು. ಒಂದು ನಮ್ಮ ಬೀದಿಯ ಮೆಡಿಕಲ್ ಶಾಪಿನದು, ಇನ್ನೊಂದು ವರ್ಷಗಳ ಹಿಂದೆ ಚಿಕ್ಕಪ್ಪನ ಮಗ ವಿದೇಶದಿಂದ ತಂದುಕೊಟ್ಟಿದ್ದು. ಸಿಸ್ಟರ್ ಎರಡೂ ಹಾಳೆ ಬಿಡಿಸಿ, ಸಣ್ಣ ಅಕ್ಷರದಲ್ಲಿ ಏನೋ ಹುಡುಕಿ, ವಿದೇಶದ್ದನ್ನು ಪಕ್ಕಕ್ಕಿಟ್ಟರು. "ಇದನ್ನ ಇವರಿಗೆ ಬಳಸಲೇಬೇಡಿ. ಇದು ಸಕ್ಕರೆ ಇಲ್ಲದಿದ್ರೂ ಇದೆ ಅನ್ನುತ್ತೆ."

ಯಂತ್ರ ಕೆಟ್ಟಿರಲಿಲ್ಲ. ಅಮ್ಮ ತನ್ನ ಬೆರಳಿಗೆ ಚುಚ್ಚಿ ನೋಡಿದರೆ ಎರಡೂ ಮೀಟರ್ ಹೆಚ್ಚುಕಡಿಮೆ ಒಂದೇ ಸಂಖ್ಯೆ ತೋರಿಸುತ್ತಿದ್ದವು. ಹಾಗಾದರೆ ಅಮ್ಮನಿಗೆ ಸರಿಯಾದದ್ದು ಅಪ್ಪನಿಗೆ ತಪ್ಪಾಗುವುದು ಹೇಗೆ? ಆ ರಾತ್ರಿ ಎರಡೂ ಹಾಳೆ ಹಿಡಿದು ಕೂತೆ.

ಮೊದಲು ಸ್ಟ್ರಿಪ್ ಏನು ಮಾಡುತ್ತದೆ ನೋಡೋಣ. ಅದರ ತುದಿಯಲ್ಲಿ ಕೂದಲೆಳೆಯಷ್ಟು ಸಣ್ಣ ಕೋಣೆ ಇದೆ. ರಕ್ತ ತಾಗಿಸಿದರೆ ತಾನಾಗಿಯೇ ಒಳಗೆ ಹೀರಿಕೊಳ್ಳುತ್ತದೆ. ಈಗಿನ ಅನೇಕ ಸ್ಟ್ರಿಪ್‌ಗಳಿಗೆ ಅರ್ಧ ಮೈಕ್ರೋಲೀಟರ್ ಆಸುಪಾಸಿನ ರಕ್ತ ಸಾಕು, ಅಂದರೆ ಒಂದು ಮಿಲಿಲೀಟರಿನ ಎರಡು ಸಾವಿರದಲ್ಲಿ ಒಂದು ಪಾಲು. ಕೋಣೆಯೊಳಗೆ ಎಲೆಕ್ಟ್ರೋಡ್‌ಗಳಿವೆ. ಅವುಗಳ ಮೇಲೆ ಎರಡು ವಸ್ತು ಒಣಗಿ ಕೂತಿರುತ್ತವೆ: ಒಂದು ಎಂಜೈಮ್, ಅಂದರೆ ಕಿಣ್ವ. ಇನ್ನೊಂದು ಮೀಡಿಯೇಟರ್, ಅಂದರೆ ಎಲೆಕ್ಟ್ರಾನ್ ಹೊತ್ತೊಯ್ಯುವ ಹಮಾಲಿ. ಫೆರಿಸೈನೈಡ್ ಈ ಕೆಲಸಕ್ಕೆ ಬಹಳ ಬಳಕೆಯಲ್ಲಿರುವ ರಾಸಾಯನಿಕ.

ರಕ್ತ ಒಳಗೆ ಬಂದ ಕೂಡಲೇ ಎರಡೂ ಕರಗುತ್ತವೆ. ಎಂಜೈಮ್ ಒಂದೊಂದು ಗ್ಲುಕೋಸ್ ಅಣುವನ್ನು ಹಿಡಿದು ಅದರಿಂದ ಎರಡು ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಅವನ್ನು ಮೀಡಿಯೇಟರ್‌ಗೆ ದಾಟಿಸಿ ಮುಂದಿನ ಗ್ಲುಕೋಸ್‌ಗೆ ಕೈಹಾಕುತ್ತದೆ. ಮೀಟರ್ ಸಣ್ಣದೊಂದು ವೋಲ್ಟೇಜ್ ಕೊಟ್ಟಾಗ ಮೀಡಿಯೇಟರ್ ತನ್ನ ಹೊರೆಯನ್ನು ಎಲೆಕ್ಟ್ರೋಡ್‌ಗೆ ಇಳಿಸುತ್ತದೆ. ಆಗ ಹರಿಯುವ ಕರೆಂಟನ್ನೇ ಮೀಟರ್ ಅಳೆಯುವುದು. ಸಕ್ಕರೆ ಹೆಚ್ಚಿದ್ದಷ್ಟೂ ಕರೆಂಟ್ ಹೆಚ್ಚು.

ಎಷ್ಟು ಕರೆಂಟ್ ಅಂತ ಲೆಕ್ಕ ಹಾಕಿ ನೋಡಿದೆ (ಇಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟಾದರೂ ಉಪಯೋಗ ಆಗಲಿ!). ಶುಗರ್ 100 ಅಂದರೆ ಪ್ರತಿ ಡೆಸಿಲೀಟರ್ ರಕ್ತದಲ್ಲಿ 100 ಮಿಲಿಗ್ರಾಂ ಗ್ಲುಕೋಸ್. ಹಾಗಾದರೆ ಅರ್ಧ ಮೈಕ್ರೋಲೀಟರ್‌ನಲ್ಲಿ ಇರುವುದು ಅರ್ಧ ಮೈಕ್ರೋಗ್ರಾಂ. ಅಷ್ಟೂ ಗ್ಲುಕೋಸ್ ತನ್ನ ಎಲೆಕ್ಟ್ರಾನ್‌ಗಳನ್ನು ಐದು ಸೆಕೆಂಡಿನಲ್ಲಿ ಕೊಟ್ಟುಬಿಟ್ಟರೆ, ಸರಾಸರಿ ಕರೆಂಟ್ ಸುಮಾರು 0.1 ಮಿಲಿಆಂಪ್. ವಾಸ್ತವದಲ್ಲಿ ಹೆಚ್ಚಿನ ಮೀಟರ್‌ಗಳು ಪೂರ್ತಿ ಮುಗಿಯುವವರೆಗೆ ಕಾಯುವುದಿಲ್ಲ. ಒಂದು ನಿಗದಿತ ಕ್ಷಣದಲ್ಲಿ ಅದಕ್ಕಿಂತ ಚಿಕ್ಕ, ಮೈಕ್ರೋಆಂಪ್‌ಗಳ ಕರೆಂಟ್ ಅಳೆದು ಅದರಿಂದಲೇ ಲೆಕ್ಕ ಹಾಕುತ್ತವೆ. ದ್ರಾಕ್ಷಿ ತಿಂದು ಕೈ ತೊಳೆಯದೆ ಚುಚ್ಚಿದರೆ ಶುಗರ್ 200 ದಾಟುವುದು ಯಾಕೆ ಅಂತ ಈ ಲೆಕ್ಕದಿಂದಲೇ ಗೊತ್ತಾಗುತ್ತದೆ. ಕಣ್ಣಿಗೆ ಕಾಣದಷ್ಟು ಹಣ್ಣಿನ ರಸದಲ್ಲೂ ಅರ್ಧ ಮೈಕ್ರೋಗ್ರಾಂ ಗ್ಲುಕೋಸ್ ಆರಾಮಾಗಿ ಇರುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಒಂದೇ. ಮೀಟರ್ ಗ್ಲುಕೋಸನ್ನು ನೋಡುವುದೇ ಇಲ್ಲ, ಅದು ನೋಡುವುದು ಎಲೆಕ್ಟ್ರಾನ್‌ಗಳನ್ನು. ಅವು ಗ್ಲುಕೋಸ್‌ನಿಂದಲೇ ಬಂದವು ಅನ್ನುವುದಕ್ಕೆ ಎಂಜೈಮ್ ಒಂದೇ ಜಾಮೀನು. ನನ್ನ ಕೆಲಸದ ಭಾಷೆಯಲ್ಲಿ ಹೇಳುವುದಾದರೆ, ಇನ್‌ಪುಟ್ ವ್ಯಾಲಿಡೇಶನ್ ನಡೆಯುವುದು ಆ ಒಂದೇ ಜಾಗದಲ್ಲಿ. ಅಲ್ಲಿ ತಪ್ಪಿದ್ದನ್ನು ಮುಂದೆ ಯಾರೂ ಹಿಡಿಯುವುದಿಲ್ಲ.

ಶುರುವಿನಲ್ಲಿ ಎಲ್ಲರೂ ನಂಬಿದ್ದು ಗ್ಲುಕೋಸ್ ಆಕ್ಸಿಡೇಸ್ ಎಂಬ ಎಂಜೈಮನ್ನು. 1962ರಲ್ಲಿ ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ಎಲೆಕ್ಟ್ರೋಡ್‌ನಿಂದ ಸಕ್ಕರೆ ಅಳೆಯುವ ದಾರಿ ತೋರಿಸಿದ್ದು ಇದೇ ಎಂಜೈಮ್ ಇಟ್ಟುಕೊಂಡು. 1987ರಲ್ಲಿ ಪೆನ್ನಿನ ಆಕಾರದಲ್ಲಿ ಮಾರುಕಟ್ಟೆಗೆ ಬಂದ ಮೊದಲ ಎಲೆಕ್ಟ್ರೋಕೆಮಿಕಲ್ ಸ್ಟ್ರಿಪ್ ಮೀಟರ್‌ನಲ್ಲೂ ಇದೇ ಇತ್ತು. ಈ ಎಂಜೈಮನ್ನು ಆಸ್ಪರ್ಜಿಲಸ್ ನೈಜರ್ ಎಂಬ ಕಪ್ಪು ಬೂಷ್ಟಿನಿಂದ ತೆಗೆಯುತ್ತಾರೆ. ಜೇನುತುಪ್ಪದಲ್ಲೂ ಇಂಥದ್ದು ಇದೆ, ಜೇನ್ನೊಣಗಳೇ ಅದನ್ನು ಸೇರಿಸುತ್ತವೆ. ಇದು ಬಹಳ ಮಡಿವಂತ ಎಂಜೈಮ್. ಗ್ಲುಕೋಸ್ ಕೂರುವ ಜಾಗ ಆಳದಲ್ಲಿ, ಇಕ್ಕಟ್ಟಾಗಿರುತ್ತದೆ, ಬೇರೆ ಸಕ್ಕರೆಗಳನ್ನು ಹತ್ತಿರ ಸೇರಿಸುವುದು ತೀರಾ ಕಡಿಮೆ.

ಆದರೆ ಇದಕ್ಕೊಂದು ಹಳೇ ಸ್ನೇಹವಿದೆ: ಆಮ್ಲಜನಕ. ನಿಸರ್ಗದಲ್ಲಿ ಈ ಎಂಜೈಮ್ ಎಲೆಕ್ಟ್ರಾನ್ ಕೊಡುವುದು ಆಮ್ಲಜನಕಕ್ಕೇ. ಸ್ಟ್ರಿಪ್ ಒಳಗೂ ರಕ್ತದಲ್ಲಿನ ಆಮ್ಲಜನಕ ಮೀಡಿಯೇಟರ್ ಜೊತೆ ಪೈಪೋಟಿಗೆ ಬೀಳುತ್ತದೆ. ಆಮ್ಲಜನಕಕ್ಕೆ ಹೋದ ಎಲೆಕ್ಟ್ರಾನ್ ಲೆಕ್ಕಕ್ಕೆ ಸಿಗುವುದಿಲ್ಲ. ಹಾಗಾಗಿ ಆಸ್ಪತ್ರೆಯಲ್ಲಿ ಆಕ್ಸಿಜನ್ ಮಾಸ್ಕ್ ಹಾಕಿಕೊಂಡವರಲ್ಲಿ ರೀಡಿಂಗ್ ನಿಜಕ್ಕಿಂತ ಕಡಿಮೆ ಬರಬಹುದು, ಲೇಹ್‌ನಂಥ ಎತ್ತರದ ಜಾಗದಲ್ಲಿ ಜಾಸ್ತಿ ಬರಬಹುದು.

ಈ ರಗಳೆ ತಪ್ಪಿಸಲು ಕಂಪನಿಗಳು ಆಮ್ಲಜನಕದ ಹಂಗಿಲ್ಲದ ಎಂಜೈಮ್‌ಗಳತ್ತ ಹೊರಳಿದವು. ಅವುಗಳ ಹೆಸರು ಗ್ಲುಕೋಸ್ ಡಿಹೈಡ್ರಾಜಿನೇಸ್, ಚಿಕ್ಕದಾಗಿ ಜಿಡಿಎಚ್. ಹೆಸರು ಒಂದೇ ಆದರೂ ಇದರಲ್ಲಿ ಮೂರು ಮನೆತನಗಳಿವೆ. ಎಲೆಕ್ಟ್ರಾನ್ ಹಿಡಿಯಲು ಯಾವ ಸಹಾಯಕ ಅಣು ಇಟ್ಟುಕೊಂಡಿದೆ ಅನ್ನುವುದರ ಮೇಲೆ ಅವುಗಳನ್ನು ಪಿಕ್ಯುಕ್ಯು, ಎಫ್‌ಎಡಿ, ಎನ್‌ಎಡಿ ಅಂತ ಕರೆಯುತ್ತಾರೆ. ನಮ್ಮ ಕಥೆಗೆ ಬೇಕಾದ್ದು ಮೊದಲನೆಯದು. ಪಿಕ್ಯುಕ್ಯು ಜಾತಿಯ ಜಿಡಿಎಚ್ ಬ್ಯಾಕ್ಟೀರಿಯಾದಿಂದ ಬಂದದ್ದು. ಅದರ ವೇಗ ಅದ್ಭುತ. ಕಡಿಮೆ ರಕ್ತ, ಕಡಿಮೆ ಸಮಯ, ಆಮ್ಲಜನಕದ ತಂಟೆ ಇಲ್ಲ. ಕಾಗದದ ಮೇಲೆ ನೋಡಿದರೆ ನಾನೂ ಇದನ್ನೇ ಆರಿಸುತ್ತಿದ್ದೆನೇನೋ.

ಅದರ ಐಬು ಒಂದೇ, ಬಾಗಿಲು ತುಸು ಅಗಲ. ಈ ಎಂಜೈಮ್ ಕೆಲಸ ಮಾಡುವುದು ಗ್ಲುಕೋಸ್‌ನ ಒಂದು ತುದಿಯ ಮೇಲೆ. ಮಾಲ್ಟೋಸ್ ಅಂದರೆ ಎರಡು ಗ್ಲುಕೋಸ್ ಕೈಹಿಡಿದು ನಿಂತ ಸಕ್ಕರೆ. ಅದಕ್ಕೂ ಅಂಥದೇ ಒಂದು ತುದಿ ಬಿಡುವಾಗಿರುತ್ತದೆ. ಆ ತುದಿ ಒಳಗೆ ಹೋಗುತ್ತದೆ, ಜೋಡಿಯ ಇನ್ನೊಂದು ಗ್ಲುಕೋಸ್ ಹೊರಗೆ ನೇತಾಡಿಕೊಂಡಿರುತ್ತದೆ, ಎಂಜೈಮ್ ಎಲೆಕ್ಟ್ರಾನ್ ಕಿತ್ತುಕೊಂಡು ಮುಂದಕ್ಕೆ ಕೊಡುತ್ತದೆ. ಗ್ಯಾಲಕ್ಟೋಸ್ ಮತ್ತು ಕ್ಸೈಲೋಸ್ ಕೂಡ ಹೀಗೇ ನುಸುಳುತ್ತವೆ.

ಆರೋಗ್ಯವಂತರ ರಕ್ತದಲ್ಲಿ ಮಾಲ್ಟೋಸ್ ಇರುವುದೇ ಇಲ್ಲ ಅನ್ನಬಹುದು. ಅನ್ನ, ರೊಟ್ಟಿಯಿಂದ ಬರುವ ಮಾಲ್ಟೋಸ್ ಕರುಳಿನಲ್ಲೇ ಒಡೆದು ಗ್ಲುಕೋಸ್ ಆಗುತ್ತದೆ. ಹಾಗಾಗಿಯೇ ಅಮ್ಮನಿಗೆ ಎರಡೂ ಮೀಟರ್ ಸರಿ. ಅಪ್ಪನ ಕಥೆ ಬೇರೆ. ಅವರ ರಾತ್ರಿಯ ಬ್ಯಾಗಿನಲ್ಲಿ ಇರುವುದು ಐಕೋಡೆಕ್ಸ್‌ಟ್ರಿನ್, ಗಂಜಿಯಿಂದ ತಯಾರಿಸಿದ ಉದ್ದನೆಯ ಗ್ಲುಕೋಸ್ ಸರಪಳಿ. ಹೊಟ್ಟೆಯೊಳಗೆ ತಾಸುಗಟ್ಟಲೆ ನಿಂತು ನೀರನ್ನು ಎಳೆಯುವುದು ಅದರ ಕೆಲಸ. ಅದರಲ್ಲಿ ಒಂದಷ್ಟು ರಕ್ತಕ್ಕೆ ಸೇರುತ್ತದೆ. ಅಲ್ಲಿರುವ ಅಮೈಲೇಸ್ ಅದನ್ನು ತುಂಡರಿಸಿ ಮಾಲ್ಟೋಸ್‌ವರೆಗೆ ತರುತ್ತದೆ. ಅಲ್ಲಿಗೆ ನಿಲ್ಲುತ್ತದೆ! ಮಾಲ್ಟೋಸ್ ಒಡೆಯುವ ಎಂಜೈಮ್ ರಕ್ತದಲ್ಲಿ ಓಡಾಡುವುದಿಲ್ಲ, ಕಿಡ್ನಿಯೂ ಹೊರಹಾಕುವ ಸ್ಥಿತಿಯಲ್ಲಿಲ್ಲ. ದಿನಾ ಬ್ಯಾಗ್ ಹಾಕಿಕೊಳ್ಳುವವರಲ್ಲಿ ಅದು ಒಟ್ಟಾಗುತ್ತಾ ಹೋಗಿ ಒಂದು ಮಟ್ಟದಲ್ಲಿ ನಿಲ್ಲುತ್ತದೆ.

ಈಗ ಒಂದು ಬೆಳಗ್ಗೆ ಊಹಿಸಿಕೊಳ್ಳಿ. ಅಪ್ಪನ ನಿಜವಾದ ಶುಗರ್ 70. ರಕ್ತದಲ್ಲಿರುವ ಮಾಲ್ಟೋಸ್ ಇನ್ನೊಂದು 110ರಷ್ಟು ಕರೆಂಟ್ ಹುಟ್ಟಿಸುತ್ತದೆ ಅಂತಿಟ್ಟುಕೊಳ್ಳಿ. ವಿದೇಶದ ಮೀಟರ್ 180 ತೋರಿಸುತ್ತದೆ. ಅಮ್ಮ ಚೀಟಿ ನೋಡಿ ಇನ್ಸುಲಿನ್ ಎರಡು ಯೂನಿಟ್ ಏರಿಸುತ್ತಾಳೆ. ಗಂಟೆ ಕಳೆಯುವಷ್ಟರಲ್ಲಿ ಅಪ್ಪ ಬೆವರುತ್ತಾರೆ, ಕೈ ನಡುಗುತ್ತದೆ, ಮಾತು ತೊದಲುತ್ತದೆ. ಗಾಬರಿಯಾಗಿ ಮತ್ತೆ ಚುಚ್ಚಿದರೆ ನಿಜವಾದದ್ದು 40, ಮೀಟರ್ ಹೇಳುವುದು 150. "ಶುಗರ್ ಸರಿಯಾಗೇ ಇದೆ, ಬಿಪಿ ಇರಬೇಕು" ಅಂತ ಸಕ್ಕರೆ ನೀರು ಕೊಡದೆ ಕೂರುವುದು ಸಹಜ. ಮೊದಲ ರೀಡಿಂಗ್‌ಗಿಂತ ಈ ಎರಡನೆಯದೇ ಹೆಚ್ಚು ಅಪಾಯ, ಯಾಕೆಂದರೆ ಕಣ್ಣೆದುರಿನ ಲಕ್ಷಣವನ್ನೇ ಅದು ಸುಳ್ಳು ಮಾಡುತ್ತದೆ.

ಇದು ಬರೀ ಊಹೆಯಲ್ಲ. 2009ರಲ್ಲಿ ಅಮೆರಿಕದ ಎಫ್‌ಡಿಎ ಈ ಬಗ್ಗೆ ಎಚ್ಚರಿಕೆ ಹೊರಡಿಸಿತು. ಪಿಕ್ಯುಕ್ಯು ಸ್ಟ್ರಿಪ್‌ಗಳ ತಪ್ಪು ರೀಡಿಂಗ್‌ಗೆ ಸಂಬಂಧಿಸಿದಂತೆ 1997ರಿಂದ 2009ರವರೆಗೆ 13 ಸಾವುಗಳ ವರದಿ ಅದಕ್ಕೆ ಬಂದಿತ್ತು. ಅವರಲ್ಲಿ ಹೆಚ್ಚಿನವರು ಐಕೋಡೆಕ್ಸ್‌ಟ್ರಿನ್ ಬಳಸುತ್ತಿದ್ದ ಡಯಾಲಿಸಿಸ್ ರೋಗಿಗಳು. ಮನೆಯಲ್ಲಿ ಸರಿಯಾದ ಮೀಟರ್ ಬಳಸುವವರೂ ಆಸ್ಪತ್ರೆಗೆ ಸೇರಿದಾಗ ಅಲ್ಲಿನ ಮೀಟರ್‌ನಿಂದ ಮೋಸಹೋಗುವ ಸಾಧ್ಯತೆ ಇತ್ತು. ಇನ್ನೊಂದು ವಿಷಯ: ರಕ್ತನಾಳಕ್ಕೆ ಕೊಡುವ ಕೆಲವು ಇಮ್ಯುನೊಗ್ಲೋಬ್ಯುಲಿನ್ ಔಷಧಿಗಳಲ್ಲೂ ಮಾಲ್ಟೋಸ್ ಬೆರೆಸಿರುತ್ತಾರೆ, ಅಲ್ಲೂ ಇದೇ ತೊಂದರೆ.

ಅಂಗಡಿಯ ಮೀಟರಿನ ಹಾಳೆಯಲ್ಲಿ ಜಿಡಿಎಚ್-ಎಫ್‌ಎಡಿ ಅಂತಿತ್ತು. ಅದಕ್ಕೂ ಆಮ್ಲಜನಕದ ಹಂಗಿಲ್ಲ, ಮಾಲ್ಟೋಸ್‌ಗೆ ಅದು ಸೊಪ್ಪು ಹಾಕುವುದಿಲ್ಲ. ಕ್ಸೈಲೋಸ್ ಮಾತ್ರ ಅದನ್ನೂ ಏಮಾರಿಸುತ್ತದೆ. ಆದರೆ ಕ್ಸೈಲೋಸ್ ಕುಡಿಸುವುದು ಕರುಳಿನ ಒಂದು ವಿಶೇಷ ಪರೀಕ್ಷೆಗೆ ಮಾತ್ರ, ದಿನಬಳಕೆಗೆ ಅದು ಚಿಂತೆಯಲ್ಲ.

ಪಿಕ್ಯುಕ್ಯು ಅಂತ ಕಂಡ ಕೂಡಲೇ ಎಸೆಯಬೇಕಾ? ಹಾಗೂ ಇಲ್ಲ. ಎಚ್ಚರಿಕೆಯ ನಂತರ ಆ ಎಂಜೈಮಿನ ರಚನೆಯನ್ನೇ ಬದಲಿಸಿ, ಮಾಲ್ಟೋಸ್‌ಗೆ ಬಾಗಿಲು ಕಿರಿದು ಮಾಡಿದ ಸ್ಟ್ರಿಪ್‌ಗಳೂ ಬಂದಿವೆ. ಹಾಗಾಗಿ ಎಂಜೈಮ್ ಹೆಸರಿನ ಜೊತೆಗೆ ಹಾಳೆಯಲ್ಲಿ ಮಿತಿಗಳ ಬಗ್ಗೆ ಇರುವ ಭಾಗವನ್ನೂ ಓದಬೇಕು. ಮಾಲ್ಟೋಸ್, ಐಕೋಡೆಕ್ಸ್‌ಟ್ರಿನ್ ಎಂಬ ಪದಗಳು ಅಲ್ಲಿ ಇವೆಯೇ, ಇದ್ದರೆ "ಬಳಸಬೇಡಿ" ಅನ್ನುತ್ತದೆಯೇ ಅಥವಾ "ಪರಿಣಾಮವಿಲ್ಲ" ಅನ್ನುತ್ತದೆಯೇ ನೋಡಬೇಕು. ಮೀಟರ್ ಮೇಲೆ ಇದು ಬರೆದಿರುವುದಿಲ್ಲ. ಒಂದೇ ಕಂಪನಿಯ ಬೇರೆ ಬೇರೆ ಸ್ಟ್ರಿಪ್‌ಗಳಲ್ಲಿ ಬೇರೆ ಬೇರೆ ಎಂಜೈಮ್ ಇರಬಹುದು.

ಸಂಶಯ ಬಂದರೆ ಬೆರಳಿನ ರೀಡಿಂಗ್ ತೆಗೆದ ಹೊತ್ತಿಗೇ ಲ್ಯಾಬಿಗೆ ರಕ್ತ ಕೊಡಬೇಕು. ಅಲ್ಲಿ ಬಳಸುವ ಹೆಕ್ಸೊಕೈನೇಸ್ ಅಥವಾ ಗ್ಲುಕೋಸ್ ಆಕ್ಸಿಡೇಸ್ ವಿಧಾನವನ್ನು ಮಾಲ್ಟೋಸ್ ಹೀಗೆ ದಾರಿ ತಪ್ಪಿಸುವುದಿಲ್ಲ. ಸ್ಟ್ರಿಪ್‌ಗೂ ಲ್ಯಾಬಿಗೂ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ. ಆದರೆ ಪ್ರತಿ ಸಲವೂ ಸ್ಟ್ರಿಪ್ಪೇ ಮೇಲೆ, ಅದೂ 60-100ರಷ್ಟು ಮೇಲೆ ಅಂದರೆ ಅದನ್ನು ಸಾಮಾನ್ಯ ಏರುಪೇರು ಅನ್ನಲಾಗದು.

ಸಿಸ್ಟರ್ ಹೋಗುವಾಗ ಅಪ್ಪನ ಪರ್ಸಿನಲ್ಲಿಡಲು ಒಂದು ಕಾರ್ಡ್ ಬರೆದುಕೊಟ್ಟರು: ಐಕೋಡೆಕ್ಸ್‌ಟ್ರಿನ್ ಬಳಸುತ್ತಿದ್ದಾರೆ, ಗ್ಲುಕೋಸ್‌ಗೆ ಮಾತ್ರ ಸ್ಪಂದಿಸುವ ಸ್ಟ್ರಿಪ್‌ನಲ್ಲೇ ಶುಗರ್ ನೋಡಿ, ಬೆವರು-ನಡುಕ ಇದ್ದರೆ ಮೀಟರ್ ಏನೇ ಹೇಳಲಿ ಸಕ್ಕರೆ ಕೊಡಿ. "ಮುಂದೆ ಈ ಬ್ಯಾಗ್ ನಿಲ್ಲಿಸಿದ್ರೂ ಎರಡು ವಾರ ಕಾರ್ಡ್ ತೆಗೀಬೇಡಿ," ಅಂದರು. ಮಾಲ್ಟೋಸ್ ರಕ್ತದಿಂದ ಪೂರ್ತಿ ಇಳಿಯಲು ಅಷ್ಟು ದಿನ ಬೇಕಂತೆ.